ಕಾವಲಿ ಒಂದೇ ಸಾಕೇ, ದೋಸೆಯೂ ಬೇಕೇ?

ಬಿಳಿ ಹಿನ್ನೆಲೆಯಲ್ಲಿ ಬರೀ ಸರಕು. ಇಲ್ಲವೇ ಒಲೆ, ಆವಿ, ಬಳಸುವ ಕೈ. ಮೇಲೆ ಒಂದು ಸಾಲು ಬರೆಯಬೇಕೋ, ಚಿತ್ರವನ್ನು ಅದರ ಪಾಡಿಗೆ ಬಿಡಬೇಕೋ? ಹಬ್ಬದ ಜಾಹೀರಾತುಗಳು ಮೊಬೈಲಿಗೆ ನುಗ್ಗುವ ಮುನ್ನ, ಒಂದೇ ಒಂದು ಚಿತ್ರವನ್ನು ಪರೀಕ್ಷೆಗೆ ಒಡ್ಡುವುದು ಹೇಗೆ? ಆ ಪರೀಕ್ಷೆ ಕೈಕೊಡುವುದೆಲ್ಲಿ?

ಊಟದ ಮೇಜಿನ ಮೇಲೆ ಬಿಳಿ ಪಂಚೆ ಹಾಸಿದೆ. ನಡುವೆ 12 ಇಂಚಿನ ಬೀಡಿನ ಕಾವಲಿ. ತಮ್ಮ ಕುರ್ಚಿ ಹತ್ತಿ ನಿಂತು, ಮೊಬೈಲನ್ನು ಎರಡೂ ಕೈಯಲ್ಲಿ ಹಿಡಿದು, ನೇರ ಮೇಲಿನಿಂದ ಫೋಟೊ ತೆಗೆಯುತ್ತಿದ್ದಾನೆ. ಒಳಗೆ ಅಕ್ಕ ಅಂಥದೇ ಇನ್ನೊಂದು ಕಾವಲಿಯನ್ನು ಒಲೆಗಿಟ್ಟು ಹಿಟ್ಟು ಹರಡಿದ್ದಾಳೆ.

‘ನೋಡಕ್ಕ, ಹಿಡಿ, ಅಂಚು, ದಪ್ಪ ಎಲ್ಲ ಎಷ್ಟು ನೀಟಾಗಿ ಕಾಣ್ತಿದೆ. ಇದೇ ಸಾಕು.’

‘ಕಾವಲಿ ನೋಡಿ ಯಾರೋ ತಗೋತಾರೆ? ದೋಸೆ ಎದ್ದು ಬರೋದು ನೋಡಿ ತಗೋತಾರೆ. ಬಾ ಇಲ್ಲಿ, ಅಂಚು ಬಿಡ್ತಾ ಇದೆ, ಈಗ್ಲೇ ತೆಗಿ.’

ಮೈಸೂರಿನ ಕಡೆಯ ಒಂದು ಮನೆ ಎಂದಿಟ್ಟುಕೊಳ್ಳಿ. ಊರು ಯಾವುದಾದರೂ ಆದೀತು, ಸರಕೂ ಅಷ್ಟೆ. ಮನೆಯಿಂದಲೇ ಏನನ್ನಾದರೂ ಮಾರಲು ಹೊರಟ ಯಾರ ಮನೆಯಲ್ಲೂ ದಸರಾಕ್ಕೆ ಮುಂಚೆ ಈ ಜಗಳ ತಪ್ಪಿದ್ದಲ್ಲ. ಫೇಸ್‌ಬುಕ್‌ಗೋ ಇನ್‌ಸ್ಟಾಗ್ರಾಮ್‌ಗೋ ದುಡ್ಡು ಕೊಟ್ಟು ಹಾಕುವ ಆ ಒಂದು ಚಿತ್ರದಲ್ಲಿ ಸರಕು ಒಂಟಿಯಾಗಿ ನಿಲ್ಲಬೇಕೋ, ಯಾರದೋ ಬದುಕಿನ ನಡುವೆ ಕೂರಬೇಕೋ? ಜಾಹೀರಾತಿನವರು ಎರಡನೆಯದನ್ನು ‘ಲೈಫ್‌ಸ್ಟೈಲ್ ಫೋಟೊ’ ಅನ್ನುತ್ತಾರೆ.

ಜಗಳ ಹಳೆಯದು. 1951ರಲ್ಲಿ ಅಮೆರಿಕದ ಹ್ಯಾಥವೇ ಅಂಗಿ ಕಂಪನಿಗಾಗಿ ಡೇವಿಡ್ ಓಗಿಲ್ವಿ ಮಾಡಿದ ಜಾಹೀರಾತಿನಲ್ಲಿ ಅಂಗಿ ತೊಟ್ಟವನ ಒಂದು ಕಣ್ಣಿಗೆ ಕಪ್ಪು ಪಟ್ಟಿ ಇತ್ತು. ಯಾರಿವನು, ಕಣ್ಣಿಗೇನಾಯಿತು ಎಂದು ಓದುಗ ನಿಂತ. ನಿಂತವನು ಅಂಗಿಯನ್ನೂ ನೋಡಿದ. ಎಂಟು ವರ್ಷ ಬಿಟ್ಟು ಫೋಕ್ಸ್‌ವ್ಯಾಗನ್ ಇದಕ್ಕೆ ತಿರುಗಾಮುರುಗಾ ಮಾಡಿತು. ಪುಟದ ತುಂಬ ಬಿಳಿ ಬಯಲು, ಮೇಲೊಂದು ಮೂಲೆಯಲ್ಲಿ ಪುಟ್ಟ ಕಾರು. ಮನುಷ್ಯರಿಲ್ಲ, ರಸ್ತೆಯಿಲ್ಲ, ಮರವಿಲ್ಲ. ಎರಡೂ ಜಾಹೀರಾತುಗಳು ಇತಿಹಾಸ ಸೇರಿದವು. ಹಾಗಾಗಿ ಅಕ್ಕನಿಗೂ ತಮ್ಮನಿಗೂ ಒಬ್ಬೊಬ್ಬ ಪುರಾಣಪುರುಷ ಸಿಗುತ್ತಾನೆ. ತೀರ್ಪು ಮಾತ್ರ ಸಿಗುವುದಿಲ್ಲ.

ತೀರ್ಪಿಗೆ ಪರೀಕ್ಷೆಯೇ ಆಗಬೇಕು.

ಒಂದು ಮನೆಗೆ ಅದು, ಪಕ್ಕದ ಮನೆಗೆ ಇದು

ಕ್ಲಾಡ್ ಹಾಪ್ಕಿನ್ಸ್ ಎಂಬಾತ 1923ರಲ್ಲಿ ‘ಸೈಂಟಿಫಿಕ್ ಅಡ್ವರ್ಟೈಸಿಂಗ್’ ಎಂಬ ಸಣ್ಣ ಪುಸ್ತಕ ಬರೆದ. ಅವನ ಉಪಾಯ ಸರಳ: ಜಾಹೀರಾತಿನ ಮೂಲೆಯಲ್ಲಿ ಕತ್ತರಿಸಿ ಕಳಿಸುವ ಕೂಪನ್ ಇಡು, ಪ್ರತಿ ಜಾಹೀರಾತಿನ ಕೂಪನ್ನಿಗೂ ಬೇರೆ ಬೇರೆ ಗುರುತು ಹಾಕು, ಬಂದದ್ದನ್ನು ಎಣಿಸು. ಯಾವ ಜಾಹೀರಾತು ಚೆಂದ ಎಂಬ ಚರ್ಚೆ ಆಮೇಲೆ ಬೇಕೇ ಇಲ್ಲ.

ಇದರ ಮೇಲೆ ಅಮೆರಿಕದ ಪತ್ರಿಕೆಗಳು ಇನ್ನೊಂದು ಜಾಣತನ ಕಂಡುಕೊಂಡವು. ಮುದ್ರಣ ಯಂತ್ರದಲ್ಲಿ ಒಂದೇ ಜಾಗಕ್ಕೆ ಎರಡು ಜಾಹೀರಾತುಗಳ ಅಚ್ಚು ಕೂರಿಸಿದರೆ ಒಂದು ಪ್ರತಿಯಲ್ಲಿ ಮೊದಲನೆಯದು, ಮುಂದಿನ ಪ್ರತಿಯಲ್ಲಿ ಎರಡನೆಯದು ಬರುತ್ತದೆ. ಕಟ್ಟು ಬಿಚ್ಚಿ ಹಂಚುವ ಹುಡುಗನಿಗೆ ಯಾವ ಪ್ರತಿಯಲ್ಲಿ ಯಾವುದಿದೆ ಎಂಬುದರ ಗೊಡವೆಯಿಲ್ಲ. ಒಂದೇ ಬೀದಿ, ಒಂದೇ ದಿನ, ಒಂದೇ ಪುಟ. ಒಂದು ಮನೆಗೆ ಅದು, ಪಕ್ಕದ ಮನೆಗೆ ಇದು. ಇದಕ್ಕೆ ‘ಸ್ಪ್ಲಿಟ್ ರನ್’ ಎಂದು ಹೆಸರು. ಬಂದ ಕೂಪನ್ನುಗಳಲ್ಲಿ ದೊಡ್ಡ ವ್ಯತ್ಯಾಸ ಕಂಡರೆ ಅದಕ್ಕೆ ಜಾಹೀರಾತನ್ನಲ್ಲದೆ ಬೇರೇನನ್ನೂ ಹೊಣೆ ಮಾಡುವಂತಿಲ್ಲ.

ಈಗ ನಮ್ಮ ಕಾವಲಿಗೆ ಬನ್ನಿ. ಹೆಚ್ಚಿನವರು ಮಾಡುವುದು ಹೀಗೆ: ಎರಡು ಚಿತ್ರಗಳನ್ನೂ ಒಂದೇ ‘ಆ್ಯಡ್ ಸೆಟ್’ ಒಳಗೆ ಹಾಕಿ, ದುಡ್ಡು ಕಟ್ಟಿ, ನಾಲ್ಕು ದಿನ ಬಿಟ್ಟು ನೋಡುತ್ತಾರೆ. ಒಂದು ಚಿತ್ರಕ್ಕೆ ಖರ್ಚಿನ ಮುಕ್ಕಾಲು ಪಾಲು ಹೋಗಿರುತ್ತದೆ, ಇನ್ನೊಂದನ್ನು ಕೇಳುವವರೇ ಇರುವುದಿಲ್ಲ. ‘ನೋಡು, ನನ್ನದೇ ಗೆದ್ದಿತು’ ಎಂದು ಮನೆಯಲ್ಲಿ ಒಬ್ಬರು ಮೀಸೆ ತಿರುವುತ್ತಾರೆ.

ಅಲ್ಲಿ ಸ್ಪರ್ಧೆಯೇ ನಡೆದಿಲ್ಲ. ಆ ವ್ಯವಸ್ಥೆ ಇರುವುದು ದುಡ್ಡನ್ನು ಲಾಭ ಕಾಣುವ ಕಡೆ ಬೇಗ ಹರಿಸಲಿಕ್ಕೆ. ಮೊದಲ ಕೆಲವೇ ಗಂಟೆಗಳ ಸುಳಿವು ಹಿಡಿದು ಅದು ಒಂದು ಚಿತ್ರದ ಬೆನ್ನು ಹತ್ತುತ್ತದೆ. ಆ ಸುಳಿವು ಬರೀ ಅದೃಷ್ಟವೂ ಆಗಿರಬಹುದು. ಇನ್ನೊಂದು ಚಿತ್ರಕ್ಕೆ ತನ್ನನ್ನು ತೋರಿಸಿಕೊಳ್ಳುವ ಅವಕಾಶವೇ ಸಿಕ್ಕಿರುವುದಿಲ್ಲ.

ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಮ್‌ಗಳ ಒಡೆಯ ಮೆಟಾ ಕಂಪನಿಯ ಆ್ಯಡ್ಸ್ ಮ್ಯಾನೇಜರ್‌ನಲ್ಲಿ ‘ಎ/ಬಿ ಟೆಸ್ಟ್’ ಎಂಬ ಬೇರೆಯೇ ದಾರಿಯಿದೆ. ಅದು ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡುತ್ತದೆ. ಒಬ್ಬರಿಗೆ ಒಂದೇ ಚಿತ್ರ ಕಾಣುತ್ತದೆ, ಎರಡಕ್ಕೂ ಸಮನಾಗಿ ಖರ್ಚು ಮಾಡಲು ಬರುತ್ತದೆ. ಪರೀಕ್ಷೆ ಮಾಡುವುದಾದರೆ ಇಲ್ಲೇ ಮಾಡಬೇಕು.

ಇಷ್ಟಾದರೂ ಇದು ಹಳೇ ಸ್ಪ್ಲಿಟ್ ರನ್‌ನಷ್ಟು ಶುದ್ಧವಲ್ಲ. ಕಾರಣ ಕೇಳಿದರೆ ಸ್ವಲ್ಪ ದಿಗಿಲಾಗುತ್ತದೆ.

ಕಾಣದ ಚಿತ್ರವನ್ನೂ ಓದುವ ಯಂತ್ರ

2019ರಲ್ಲಿ ಅಮೆರಿಕದ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದವರೂ ಇದ್ದ ಸಂಶೋಧಕರ ತಂಡವೊಂದು ಫೇಸ್‌ಬುಕ್‌ನಲ್ಲಿ ತನ್ನ ಸ್ವಂತ ದುಡ್ಡಿನಲ್ಲಿ ಜಾಹೀರಾತು ಹಾಕಿ ನೋಡಿತು. ಯಾರಿಗೆ ತೋರಿಸಬೇಕು ಎಂಬ ಸೂಚನೆ ಒಂದೇ. ಬೇರೆಯಾಗಿದ್ದದ್ದು ಜಾಹೀರಾತು ಮಾತ್ರ. ಮೈಕಟ್ಟು ಬೆಳೆಸುವ ಜಾಹೀರಾತು ಬಹುಪಾಲು ಗಂಡಸರಿಗೆ ಹೋಯಿತು, ಸೌಂದರ್ಯ ಸಾಮಗ್ರಿಯದು ಬಹುಪಾಲು ಹೆಂಗಸರಿಗೆ.

ಆಮೇಲೆ ಅವರು ಚಿತ್ರಗಳನ್ನು ಶೇ 98ರಷ್ಟು ಪಾರದರ್ಶಕ ಮಾಡಿದರು. ಮನುಷ್ಯರ ಕಣ್ಣಿಗೆ ಅಲ್ಲಿ ಖಾಲಿ ಬಿಳಿ ಚೌಕ. ನೋಡಿದವರು ಮೆಚ್ಚಲಿಕ್ಕೂ ಬೇಡವೆನ್ನಲಿಕ್ಕೂ ಅಲ್ಲಿ ಏನೂ ಇರಲಿಲ್ಲ. ಆದರೂ ಹಂಚಿಕೆ ಹಾಗೆಯೇ ವಾಲಿತು. ಅಂದರೆ ಯಂತ್ರ ಚಿತ್ರವನ್ನು ತಾನೇ ಓದಿ, ಇದು ಇಂಥವರಿಗೆ ಎಂದು ಮೊದಲೇ ನಿರ್ಧರಿಸುತ್ತಿತ್ತು.

ಕಾವಲಿಗೆ ಇದರ ಅರ್ಥ ಹೀಗೆ. ಬಳೆ ತೊಟ್ಟ ಕೈ ದೋಸೆ ಮಗುಚುವ ಚಿತ್ರ ಒಂದು ಬಗೆಯ ಜನರಿಗೆ ಹೆಚ್ಚು ಹೋಗಬಹುದು. ಬಿಳಿ ಪಂಚೆಯ ಮೇಲಿನ ಒಂಟಿ ಬೀಡು ಇನ್ನೊಂದು ಬಗೆಯವರಿಗೆ. ಚೀಟಿ ಎತ್ತಿ ಗುಂಪು ಮಾಡಿದ್ದು ಸರಿಯೇ. ಆದರೆ ಆ ಗುಂಪಿನೊಳಗೆ ಯಾರಿಗೆ ತೋರಿಸಬೇಕೆಂದು ಆಯುವುದು ಯಂತ್ರ, ಆಯುವುದು ಚಿತ್ರ ನೋಡಿ. ಹೀಗಾಗಿ ಅಕ್ಕನ ಚಿತ್ರ ಗೆದ್ದರೆ ‘ಜನಕ್ಕೆ ದೋಸೆಯ ಚಿತ್ರ ಇಷ್ಟ’ ಎಂದು ಹೇಳಲು ಬರುವುದಿಲ್ಲ. ‘ಈ ಚಿತ್ರವನ್ನು ಈ ಯಂತ್ರದ ಕೈಗಿತ್ತರೆ ಇಷ್ಟು ವ್ಯಾಪಾರವಾಗುತ್ತದೆ’ ಎಂದಷ್ಟೇ ಹೇಳಬಹುದು. ಅದೇ ಚಿತ್ರವನ್ನು ಬಸ್ ನಿಲ್ದಾಣದ ಫಲಕಕ್ಕೋ ರಟ್ಟಿನ ಪೆಟ್ಟಿಗೆಯ ಮೇಲಕ್ಕೋ ಒಯ್ಯುವ ಮುನ್ನ ಇದು ನೆನಪಿರಬೇಕು. ಅಲ್ಲಿ ಆಯುವ ಯಂತ್ರವಿಲ್ಲ.

ದುಡ್ಡು ಹಾಕಿದ ಅಂಗಡಿಯವರಿಗೆ ಇಷ್ಟು ತಿಳಿವಳಿಕೆ ಸಾಲದೇ ಎಂದರೆ, ಸಾಕು. ಅದರಾಚೆಯ ಸಿದ್ಧಾಂತ ಕಟ್ಟುವವರಿಗೆ ಮಾತ್ರ ಸಾಲದು.

---

ಬಾಕ್ಸ್: 25 ಮನೆಗಳ ಕಾನೂನು

ಚಿತ್ರದ ಮೇಲೆ ಎಷ್ಟು ಅಕ್ಷರ ಇರಬಹುದು ಎಂಬುದಕ್ಕೆ ಫೇಸ್‌ಬುಕ್ ಒಂದು ಕಾಲದಲ್ಲಿ ಗೆರೆ ಎಳೆದಿತ್ತು: ಶೇ 20. ಅಳತೆಗೆ ಚಿತ್ರವನ್ನು ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ ಮಾಡುತ್ತಿದ್ದರು. ಅಕ್ಷರ ತಾಗಿದ ಮನೆಗಳು ಐದನ್ನು ಮೀರಿದರೆ ಜಾಹೀರಾತು ವಾಪಸ್.

ಜನ ಸುಮ್ಮನಿರುತ್ತಾರೆಯೇ? ಸಾಲನ್ನು ಎರಡು ಮನೆಗಳ ಗಡಿಯಿಂದ ಒಂದಿಷ್ಟು ಸರಿಸಿ ಒಂದೇ ಮನೆಯೊಳಗೆ ತುರುಕುವುದೇ ಒಂದು ಕಸುಬಾಯಿತು. ಒತ್ತಕ್ಷರದ ಬಾಲ ಕೆಳಮನೆಗೆ ಇಳಿಯುವ ಲಿಪಿಯಲ್ಲಿ ಆ ಕಸರತ್ತು ಇನ್ನೂ ಕಷ್ಟ.

2016ರಲ್ಲಿ ವಾಪಸ್ ಕಳಿಸುವುದು ನಿಂತಿತು. ಅಕ್ಷರ ಹೆಚ್ಚಿದ್ದರೆ ಜಾಹೀರಾತನ್ನು ಕಡಿಮೆ ಜನರಿಗೆ ತೋರಿಸುವ ಪದ್ಧತಿ ಬಂತು. 2020ರ ಸೆಪ್ಟೆಂಬರ್ ಹೊತ್ತಿಗೆ ಅದೂ ಹೋಯಿತು. ‘20 ಪರ್ಸೆಂಟ್ ದಾಟಬೇಡಿ’ ಎಂದು ಇಂದಿಗೂ ಹೇಳುವವರಿದ್ದಾರೆ. ಕಾನೂನು ಹೋದರೂ ಭಯ ಉಳಿದಿದೆ.

---

ನಾಲ್ಕು ಚಿತ್ರ, ಒಂದೇ ಖರ್ಚು

ಎರಡು ಪ್ರಶ್ನೆಗಳಿವೆ: ಯಾವ ಬಗೆಯ ಚಿತ್ರ? ಅಕ್ಷರ ಬೇಕೇ, ಬೇಡವೇ? ಇವನ್ನು ಒಂದಾದ ಮೇಲೊಂದರಂತೆ ಕೇಳುವುದು ದುಡ್ಡಿಗೂ ದಂಡ, ಬುದ್ಧಿಗೂ ದಂಡ. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಕೆಲಸ ಮಾಡಿದ ರೊನಾಲ್ಡ್ ಫಿಶರ್, ಗೊಬ್ಬರದ ಪರೀಕ್ಷೆಗಳಲ್ಲಿ ಇದಕ್ಕೊಂದು ದಾರಿ ತೋರಿಸಿದ. ಎರಡೂ ಪ್ರಶ್ನೆಗಳನ್ನು ಕೂಡಿಸಿ ಒಟ್ಟಿಗೇ ಕೇಳಬೇಕು.

ಹಾಗೆಂದರೆ ನಾಲ್ಕು ಚಿತ್ರ. ಕಾವಲಿ ಮಾತ್ರ, ಅಕ್ಷರವಿಲ್ಲ. ಕಾವಲಿ ಮಾತ್ರ, ಮೇಲೊಂದು ಸಾಲು. ಒಲೆಯ ಮೇಲಿನ ದೋಸೆ, ಅಕ್ಷರವಿಲ್ಲ. ಅದೇ ದೋಸೆ, ಅದೇ ಸಾಲು.

ಮಿಕ್ಕದ್ದೆಲ್ಲ ಒಂದೇ ಇರಬೇಕು. ಹೇಳಲು ಸುಲಭ, ಆದರೆ ಎಡವುವುದೆಲ್ಲ ಇಲ್ಲೇ. ದೋಸೆಯ ಚಿತ್ರವನ್ನು ಬೆಳಗಿನ ಕಿಟಕಿ ಬೆಳಕಿನಲ್ಲಿ ಒಳ್ಳೆಯ ಕ್ಯಾಮೆರಾದಿಂದ ತೆಗೆದು, ಒಂಟಿ ಕಾವಲಿಯನ್ನು ರಾತ್ರಿ ಟ್ಯೂಬ್‌ಲೈಟಿನಡಿ ಮೊಬೈಲಿನಲ್ಲಿ ತೆಗೆದರೆ ಪರೀಕ್ಷೆಗೆ ಕೂತದ್ದು ಬೆಳಕು, ಕಾವಲಿ ಅಲ್ಲ. ಒಂದರ ಕೆಳಗೆ ‘ಡೆಲಿವರಿ ಉಚಿತ’ ಎಂದಿದ್ದು ಇನ್ನೊಂದರ ಕೆಳಗೆ ಇಲ್ಲದಿದ್ದರೂ ಅದೇ ಕಥೆ. ಚಿತ್ರದ ಆಚೆ ಮೇಲ್ಗಡೆ ಬರುವ ಬರಹ, ಕೆಳಗಿನ ಶೀರ್ಷಿಕೆ, ಬೆಲೆ, ಒತ್ತಿದರೆ ತೆರೆಯುವ ಪುಟ ಎಲ್ಲವೂ ಒಂದೇ ಇರಲಿ. ಶುರುವಾಗುವ ದಿನ ಮುಗಿಯುವ ದಿನವೂ ಒಂದೇ ಇರಲಿ. ವಾರದ ಎಲ್ಲ ದಿನಗಳೂ ಬರುವಂತೆ ಪೂರ್ತಿ ವಾರಗಳ ಲೆಕ್ಕದಲ್ಲಿ ನಡೆಸಬೇಕು, ಏಕೆಂದರೆ ಭಾನುವಾರದ ಗಿರಾಕಿ ಬುಧವಾರದ ಗಿರಾಕಿಯಲ್ಲ.

ಇನ್ನು ಆ ಒಂದು ಸಾಲು ಏನು? ಇಲ್ಲಿ ತಮ್ಮನ ಮೊದಲ ಕರಡು ಹೀಗಿತ್ತು: ‘ಶುದ್ಧ ಬೀಡು! 100% ನೈಸರ್ಗಿಕ! ಹಬ್ಬದ ಭರ್ಜರಿ ರಿಯಾಯಿತಿ! ಇಂದೇ ಆರ್ಡರ್ ಮಾಡಿ!’ ಇದು ಯಾರ ಪ್ರಶ್ನೆಗೂ ಉತ್ತರವಲ್ಲ. ಬೀಡಿನ ಕಾವಲಿ ಕೊಳ್ಳುವವರ ಎದೆಯಲ್ಲಿರುವ ಅಳುಕು ಒಂದೇ: ದೋಸೆ ಹತ್ತಿಕೊಂಡರೆ? ಎಣ್ಣೆ ಹಚ್ಚಿ, ಕಾಯಿಸಿ, ಈರುಳ್ಳಿ ಉಜ್ಜಿ ದಿನಗಟ್ಟಲೆ ಪಳಗಿಸುವವರು ಯಾರು? ಅಕ್ಕ ಕಾವಲಿಗಳನ್ನು ಪಳಗಿಸಿಯೇ ಕಳಿಸುತ್ತಾಳೆ. ಹಾಗಾಗಿ ಸಾಲು ಹೀಗಾಯಿತು: ‘ಪಳಗಿಸಿದ್ದು. ಮೊದಲ ದೋಸೆಯೇ ಏಳುತ್ತದೆ.’

ನಾಲ್ಕು ಚಿತ್ರಗಳಿಗೂ ತಲಾ ₹10,000 ಖರ್ಚು ಮಾಡಿದರು ಎನ್ನೋಣ. ಲೆಕ್ಕ ತಿಳಿಯಲೆಂದು ನಾನೇ ಇಟ್ಟ ಅಂಕಿಗಳಿವು. ಯಾರ ಅಂಗಡಿಯವೂ ಅಲ್ಲ. ಕಾವಲಿ ಮಾತ್ರ ಇದ್ದದ್ದಕ್ಕೆ 30 ಆರ್ಡರ್, ಅದಕ್ಕೇ ಸಾಲು ಸೇರಿಸಿದರೆ 54. ದೋಸೆಯ ಚಿತ್ರಕ್ಕೆ 46, ಸಾಲಿನೊಂದಿಗೆ 50. ಒಟ್ಟು 180.

ಮೊದಲು ಚಿತ್ರದ ಪ್ರಶ್ನೆ. ಬರೀ ಕಾವಲಿಯ ಎರಡು ಚಿತ್ರಗಳಿಂದ 84, ದೋಸೆಯ ಎರಡರಿಂದ 96. ಅಕ್ಕ 12ರಿಂದ ಮುಂದೆ. ಸಿಹಿ ಹಂಚಬಹುದೇ? ತಡೆಯಿರಿ. ಇಷ್ಟು ವ್ಯತ್ಯಾಸ ಬರೀ ಅದೃಷ್ಟದಿಂದಲೂ ಬರುತ್ತದೆಯೇ ಎಂದು ಮೊದಲು ನೋಡಬೇಕು. ಅದಕ್ಕೊಂದು ಕೈಲೆಕ್ಕವಿದೆ: ಎರಡೂ ಎಣಿಕೆ ಕೂಡಿಸಿ, ವರ್ಗಮೂಲ ತೆಗೆದು, ಅದನ್ನು ಇಮ್ಮಡಿ ಮಾಡಿ. ವ್ಯತ್ಯಾಸ ಅದಕ್ಕಿಂತ ದೊಡ್ಡದಾದರೆ ಮಾತ್ರ ನಂಬಬಹುದು. 180ರ ವರ್ಗಮೂಲ ಸುಮಾರು 13.4, ಅದರ ಇಮ್ಮಡಿ 27ಕ್ಕೆ ಹತ್ತಿರ. 12 ಎಲ್ಲಿ, 27 ಎಲ್ಲಿ? ಸದ್ಯಕ್ಕೆ ಯಾರೂ ಗೆದ್ದಿಲ್ಲ.

ಎರಡನೆಯದು ಅಕ್ಷರದ ಪ್ರಶ್ನೆ. ಸಾಲು ಇಲ್ಲದ ಎರಡರಿಂದ 76, ಸಾಲು ಇದ್ದ ಎರಡರಿಂದ 104. ವ್ಯತ್ಯಾಸ 28. ಕೂದಲೆಳೆಯಷ್ಟು ಅಂತರದಲ್ಲಿ ಗೆರೆ ದಾಟಿತು. ಸಾಲು ಕೆಲಸ ಮಾಡುತ್ತದೆ ಎನ್ನಬಹುದು, ಎದೆ ತಟ್ಟಿಕೊಂಡು ಹೇಳುವ ಹಾಗಿಲ್ಲ.

ನನಗೆ ಹೆಚ್ಚು ರುಚಿಸುವುದು ಮೂರನೆಯ ಓದು. ಅದೇ ಸಾಲು ಒಂಟಿ ಕಾವಲಿಗೆ 24 ಆರ್ಡರ್ ಕೂಡಿಸಿತು. ದೋಸೆಯ ಚಿತ್ರಕ್ಕೆ ಬರೀ ನಾಲ್ಕು. ಏಕಿರಬಹುದು? ಅಂಚು ಬಿಟ್ಟು ಏಳುತ್ತಿರುವ ದೋಸೆ ‘ಹತ್ತಿಕೊಳ್ಳುವುದಿಲ್ಲ’ ಎಂದು ಆಗಲೇ ಹೇಳಿಬಿಟ್ಟಿದೆ. ಅದರ ಮೇಲೆ ಮತ್ತೆ ಅಕ್ಷರದಲ್ಲಿ ಹೇಳಿದರೆ ಹೇಳಿದ್ದನ್ನೇ ಹೇಳಿದಂತೆ. ಒಂಟಿ ಕಾವಲಿ ಮೂಕ. ಅದಕ್ಕೆ ಮಾತು ಬೇಕಿತ್ತು. ಈ ವಿವರಣೆ ಎಷ್ಟೇ ಸೊಗಸಾಗಿರಲಿ, 24 ಮತ್ತು 4ರ ಅಂತರವಾದ 20 ಕೂಡ ಆ 27ರ ಗೆರೆ ಮುಟ್ಟುವುದಿಲ್ಲ. ಇದು ಸುಳಿವು, ಮುಂದಿನ ಪರೀಕ್ಷೆಗೆ ಪ್ರಶ್ನೆ. ಸೊಗಸಾದ ಕಾರಣ ಹೊಳೆದ ಕ್ಷಣವೇ ಲೆಕ್ಕ ಮರೆತುಬಿಡುವುದು ಈ ಕಸುಬಿನ ದೊಡ್ಡ ಕಾಯಿಲೆ.

ಸದ್ಯಕ್ಕೆ ಅವರು ಮಾಡಬಹುದಾದ್ದು? ‘ಕಾವಲಿ ಮತ್ತು ಸಾಲು’, ‘ದೋಸೆ, ಸಾಲಿಲ್ಲ’, ಇವೆರಡರ ನಡುವೆ 54ಕ್ಕೆ 46, ಆಯ್ಕೆ ಮಾಡಲಾಗದಷ್ಟು ಹತ್ತಿರ. ಹಾಗಿದ್ದಾಗ ತೆಗೆಯಲು ಅಗ್ಗವಾದದ್ದನ್ನು ಇಟ್ಟುಕೊಳ್ಳುವುದೇ ಲೇಸು. ಹೊಸ ಅಳತೆಯ ಕಾವಲಿ ಬಂದಾಗಲೆಲ್ಲ ದೋಸೆ ಹೊಯ್ಯುವುದಕ್ಕಿಂತ ಪಂಚೆ ಹಾಸುವುದು ಸುಲಭ.

---

ಬಾಕ್ಸ್: ಕೈಲೆಕ್ಕದ ಷರತ್ತುಗಳು

ವರ್ಗಮೂಲದ ಲೆಕ್ಕ ನಡೆಯುವುದು ಎರಡೂ ಕಡೆ ಸಮನಾಗಿ ತೋರಿಸಿದ್ದರೆ, ಅಥವಾ ಸಮನಾಗಿ ಖರ್ಚು ಮಾಡಿದ್ದರೆ ಮಾತ್ರ.

52ಕ್ಕೆ 40 ಬಂದರೆ ವ್ಯತ್ಯಾಸ 12. ದಾಟಬೇಕಾದ ಗೆರೆ ಸುಮಾರು 19. ಸಾಲದು. ಅದೇ ಅನುಪಾತದಲ್ಲಿ ನಾಲ್ಕು ಪಟ್ಟು, ಅಂದರೆ 208ಕ್ಕೆ 160 ಬಂದರೆ ವ್ಯತ್ಯಾಸ 48, ಗೆರೆ 38. ಈಗ ಸಾಕು. ಅನುಪಾತ ಒಂದೇ, ಎಣಿಕೆ ಬೆಳೆದದ್ದರಿಂದ ನಂಬಿಕೆ ಬಂತು.

ದಿನವೂ ಇಣುಕಿ, ಗೆರೆ ದಾಟಿದ ದಿನವೇ ನಿಲ್ಲಿಸಿದರೆ ಈ ಲೆಕ್ಕ ಕೆಟ್ಟಿತು. ಎಷ್ಟು ದಿನ ಎಂದು ಮೊದಲೇ ಬರೆದಿಟ್ಟು, ಆ ದಿನವೇ ಎಣಿಸಬೇಕು. ಅನುಮಾನವಿದ್ದವರು ಒಂದೇ ಚಿತ್ರವನ್ನು ಎರಡು ಹೆಸರಿನಲ್ಲಿ ಹಾಕಿ ನೋಡಲಿ. ತನ್ನನ್ನು ತಾನೇ ‘ಸೋಲಿಸುವ’ ಚಿತ್ರವನ್ನು ಒಮ್ಮೆ ಕಂಡವರು ಮತ್ತೆ ಅವಸರಪಡುವುದಿಲ್ಲ.

---

ಒತ್ತಿದವರೆಲ್ಲ ಕೊಳ್ಳುವುದಿಲ್ಲ

ಮೇಲಿನ ಲೆಕ್ಕದಲ್ಲಿ ಆರ್ಡರ್ ಎಣಿಸಿದೆವು. ಹೆಚ್ಚಿನವರು ಎಣಿಸುವುದು ಕ್ಲಿಕ್. ಕ್ಲಿಕ್‌ಗಳು ಸಾವಿರಗಟ್ಟಲೆ ಬರುತ್ತವೆ, ಆರ್ಡರ್ ಹತ್ತಾರು; ಹಾಗಾಗಿ ಕ್ಲಿಕ್‌ನ ತೀರ್ಪು ಬೇಗ ಸಿಗುತ್ತದೆ. ಬೇಗ ಸಿಗುವ ತೀರ್ಪಿಗೆ ಜನ ಮಾರುಹೋಗುತ್ತಾರೆ.

ಅದೇ ಕಾಲ್ಪನಿಕ ಪರೀಕ್ಷೆಯಲ್ಲಿ ದೋಸೆಯ ಚಿತ್ರಗಳಿಗೆ 1,240 ಕ್ಲಿಕ್, ಬರೀ ಕಾವಲಿಗೆ 810 ಎನ್ನೋಣ. ವ್ಯತ್ಯಾಸ 430, ಗೆರೆ 91. ಸಂಶಯವೇ ಬೇಡ, ದೋಸೆಗೆ ಕ್ಲಿಕ್ ಹೆಚ್ಚು. ಆದರೆ 1,240 ಜನರಲ್ಲಿ ಕೊಂಡವರು 96, 810ರಲ್ಲಿ 84. ಗರಿಗರಿ ಅಂಚು ಕಂಡು ಬೆರಳು ತಾನಾಗಿ ಹೋದವರು ಬಹಳ ಮಂದಿ. ಅವರಿಗೆ ಬೇಕಾದದ್ದು ಕಾವಲಿಯಲ್ಲ, ತಿಂಡಿ.

ಈ ತಪ್ಪನ್ನು ಹಿಡಿಯಲು ಅಂಕಿಅಂಶವೇ ಬೇಕಿಲ್ಲ. ಜಾಹೀರಾತಿನ ಕೆಳಗೆ ಬರುವ ಪ್ರಶ್ನೆ ನೋಡಿದರೆ ಸಾಕು. ‘ಹಿಟ್ಟು ಎಲ್ಲಿ ಸಿಗುತ್ತೆ ಮೇಡಂ?’, ‘ಹೋಟೆಲ್ ಎಲ್ಲಿದೆ ಸರ್?’ ಎಂದು ಬರುತ್ತಿದ್ದರೆ ಚಿತ್ರದಲ್ಲಿ ಸರಕೇ ಕಳೆದುಹೋಗಿದೆ. ಹಾಕುವ ಮೊದಲೂ ಒಂದು ಪರೀಕ್ಷೆ ಮಾಡಬಹುದು: ಪಕ್ಕದ ಮನೆಯವರಿಗೆ ಒಂದೇ ಕ್ಷಣ ತೋರಿಸಿ, ಮೊಬೈಲ್ ಬೋರಲು ಹಾಕಿ, ‘ಏನು ಮಾರ್ತಿದಾರೆ?’ ಎಂದು ಕೇಳಿ. ‘ದೋಸೆ’ ಎಂದರೆ ಕ್ಯಾಮೆರಾ ಇನ್ನೂ ಕೆಳಗಿಳಿಯಬೇಕು. ಹಿಡಿ ಕಾಣಬೇಕು, ದೋಸೆ ಅರ್ಧ ಎದ್ದು ಕೆಳಗಿನ ಕಪ್ಪು ಬೀಡು ಹೊಳೆಯಬೇಕು.

ಬೆಲೆಯ ವಿಷಯದಲ್ಲಿ ಇದರ ಇನ್ನೊಂದು ಮುಖ ಕಾಣುತ್ತದೆ. ಚಿತ್ರದ ಮೇಲೆ ‘₹1,499’ ಎಂದು ಬರೆದರೆ ಕ್ಲಿಕ್ ಕಡಿಮೆಯಾಗುವುದು ಸಹಜ. ದುಬಾರಿ ಎನ್ನುವವರು ಹೊರಗಿಂದಲೇ ಹೋಗುತ್ತಾರೆ, ಒಳಗೆ ಬಂದವರು ಬೆಲೆ ಗೊತ್ತಿದ್ದೇ ಬಂದಿರುತ್ತಾರೆ. ಕ್ಲಿಕ್‌ನ ಲೆಕ್ಕದಲ್ಲಿ ಸೋತ ಚಿತ್ರ ಗಲ್ಲಾಪೆಟ್ಟಿಗೆಯ ಲೆಕ್ಕದಲ್ಲಿ ಗೆಲ್ಲಬಹುದು. ಹಾಗಾಗಿ ಎಣಿಸಬೇಕಾದ್ದು ಒಂದೇ: ಸಾವಿರ ರೂಪಾಯಿ ಖರ್ಚಿಗೆ ಎಷ್ಟು ಆರ್ಡರ್? ವಾಪಸ್ ಬಂದವನ್ನು ಕಳೆದ ಮೇಲೆ.

ಆರೂವರೆ ಸೆಂಟಿಮೀಟರ್ ಅಗಲದ ಪುಟ

ಚಿತ್ರ ದೊಡ್ಡದಿರಲಿ, ಚಿಕ್ಕದಿರಲಿ, ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅಕ್ಷರಕ್ಕೆ ಸಿಗುವ ಗಮನ ಮಾತ್ರ ಅದು ಹಿಡಿದ ಜಾಗಕ್ಕೆ ತಕ್ಕಂತೆ ಬೆಳೆಯುತ್ತದೆ. ರಿಕ್ ಪೀಟರ್ಸ್ ಮತ್ತು ಮಿಷೆಲ್ ವೆಡೆಲ್ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸಾವಿರಕ್ಕೂ ಹೆಚ್ಚು ಮುದ್ರಿತ ಜಾಹೀರಾತುಗಳನ್ನು ನೋಡುವಾಗ ಜನರ ಕಣ್ಣು ಎಲ್ಲೆಲ್ಲಿ ನಿಂತಿತೆಂದು ಯಂತ್ರದಿಂದ ಅಳೆದು ಕಂಡುಕೊಂಡದ್ದಿದು. ಪತ್ರಿಕೆಯ ಪುಟಕ್ಕೆ ಹೊಂದುವ ಮಾತು ಮೊಬೈಲಿಗೆ ಹಾಗೇ ಹೊಂದಬೇಕೆಂದಿಲ್ಲ. ಆದರೂ ಒಂದು ಎಚ್ಚರಿಕೆ ಸಿಕ್ಕಿತು: ಅಕ್ಷರ ಹಾಕುವುದಾದರೆ ದೊಡ್ಡದಾಗಿ ಹಾಕಿ, ಇಲ್ಲವಾದರೆ ಬಿಟ್ಟುಬಿಡಿ. ನಡುವಿನದೇ ನಷ್ಟದ ದಾರಿ.

ಎಷ್ಟು ದೊಡ್ಡದು? ಸಾಮಾನ್ಯವಾಗಿ ಚೌಕ ಚಿತ್ರವನ್ನು 1080 ಪಿಕ್ಸೆಲ್ ಅಗಲಕ್ಕೆ ಮಾಡುತ್ತಾರೆ. ಕಂಪ್ಯೂಟರಿನಲ್ಲಿ ಮಾಡುವಾಗ ಅದು ಅಂಗೈಗಿಂತ ದೊಡ್ಡದು. ಮೊಬೈಲಿಗೆ ಬಂದಾಗ ಸುಮಾರು ಆರೂವರೆ ಸೆಂಟಿಮೀಟರ್. ಅಂದರೆ 40 ಪಿಕ್ಸೆಲ್ ಎತ್ತರದ ಅಕ್ಷರ ಪರದೆಯಲ್ಲಿ ಎರಡೂವರೆ ಮಿಲಿಮೀಟರಿಗೂ ಒಂದಿಷ್ಟು ಕಡಿಮೆ.

ಇಂಗ್ಲಿಷಿಗೆ ಅದು ಹೇಗೋ ನಡೆದೀತು. ಕನ್ನಡಕ್ಕೆ ನಡೆಯುವುದಿಲ್ಲ. ನಮ್ಮ ಅಕ್ಷರದ ಕೆಳಗೆ ಒತ್ತು ಕೂರುತ್ತದೆ, ಅದು ಮೂಲಾಕ್ಷರದ ಸುಮಾರು ಅರ್ಧ. ‘ಸ್ಟ್ರಾಂಗ್’, ‘ಉತ್ಕೃಷ್ಟ’, ‘ಸ್ವಾದಿಷ್ಟ’ ಇವನ್ನು ಆ ಅಳತೆಯಲ್ಲಿ ಬರೆದು ನೋಡಿ: ಒತ್ತುಗಳೆಲ್ಲ ಒಂದೊಂದು ಚುಕ್ಕೆ. ಸಾಲುಗಳ ನಡುವೆಯೂ ಒತ್ತಿಗೆ ಜಾಗ ಬಿಡಬೇಕು. ಇಂಗ್ಲಿಷ್ ವಿನ್ಯಾಸದೊಳಗೆ ಕನ್ನಡ ತುಂಬಿದಾಗ ಮೇಲಿನ ಸಾಲಿನ ಒತ್ತು ಕೆಳಸಾಲಿನ ತಲೆಕಟ್ಟಿಗೆ ಹೋಗಿ ಡಿಕ್ಕಿ ಹೊಡೆಯುವುದು ಇದಕ್ಕೇ. ನಮ್ಮ ಪದಗಳೂ ಉದ್ದ. ವಿಭಕ್ತಿ, ಕಾಲ, ಅನುಮಾನ ಎಲ್ಲವೂ ಪದದ ಬೆನ್ನಿಗೇ ಅಂಟುವುದರಿಂದ ಇಂಗ್ಲಿಷಿನ ಆರು ಪದ ಹಿಡಿಸುವ ಜಾಗದಲ್ಲಿ ಕನ್ನಡದ ಮೂರು ಹಿಡಿಸಿದರೆ ಪುಣ್ಯ.

ಆದ್ದರಿಂದ ಪದ ಆಯುವಾಗಲೇ ಒತ್ತು ಎಣಿಸುವುದು ಜಾಣತನ. ‘ಅತ್ಯುತ್ಕೃಷ್ಟ ಗುಣಮಟ್ಟ’ ಬೇಡ, ‘ಗಟ್ಟಿ ಬೀಡು’ ಸಾಕು. ಅಕ್ಷರ 70–80 ಪಿಕ್ಸೆಲ್‌ಗೆ ಏರಲಿ, ದಪ್ಪವಿರಲಿ, ಎರಡು ಸಾಲು ಮೀರದಿರಲಿ. ಬಣ್ಣದಲ್ಲಿ ಒಂದು ಗುಟ್ಟಿದೆ. ಚಿತ್ರವನ್ನು ಏರಿಸಿದ ಮೇಲೆ ಮತ್ತೊಮ್ಮೆ ಹಿಂಡಿ ಚಿಕ್ಕದು ಮಾಡುತ್ತಾರೆ. ಹಾಗೆ ಹಿಂಡುವಾಗ ಬೆಳಕು-ನೆರಳಿಗಿಂತ ಬಣ್ಣದ ವಿವರ ಹೆಚ್ಚು ಹಾಳಾಗುತ್ತದೆ. ಕಡುಹಸಿರಿನ ಮೇಲೆ ಕೆಂಪು ಅಕ್ಷರ ಅಂಚು ಕದಡಿ ಮಸುಕಾಗುವುದು ಹೀಗೆ. ಕಪ್ಪು ಬೀಡಿನ ಮೇಲೆ ಬಿಳಿ ಅಕ್ಷರಕ್ಕೆ ಆ ಗಂಡಾಂತರವಿಲ್ಲ. ಕಾವಲಿಯ ಖಾಲಿ ಕಪ್ಪು ಬಯಲೇ ಬರೆಯಲು ಹೇಳಿ ಮಾಡಿಸಿದ ಜಾಗ.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ಜಾಹೀರಾತಿನಲ್ಲಿ ಚಿತ್ರದ ಆಚೆಗೂ ಅಕ್ಷರವಿದೆ: ಮೇಲೆ ಒಂದೆರಡು ಸಾಲು, ಕೆಳಗೆ ಶೀರ್ಷಿಕೆ, ಪಕ್ಕದಲ್ಲಿ ಒತ್ತುವ ಗುಂಡಿ. ಅಂಗಡಿಯ ಹೆಸರೂ ಮೇಲೆಯೇ ಇರುತ್ತದೆ. ಅದನ್ನೇ ಚಿತ್ರದ ಮೇಲೆ ಮತ್ತೆ ಬರೆದು, ಫೋನ್ ನಂಬರ್ ಸೇರಿಸಿ, ‘ಇಲ್ಲಿ ಒತ್ತಿ’ ಎಂದು ಬಾಣ ಬಿಡಿಸಿದರೆ ಜಾಗಕ್ಕೂ ದಂಡ, ಕಣ್ಣಿಗೂ ದಂಡ.

---

ಬಾಕ್ಸ್: ಆಯ್ಕೆಯೇ ಇಲ್ಲದ ಕಡೆ

ಅಮೆಜಾನ್‌ನಲ್ಲಿ ಸರಕಿನ ಮೊದಲ ಚಿತ್ರಕ್ಕೆ ಈ ಜಗಳವೇ ಇಲ್ಲ. ಹಿನ್ನೆಲೆ ಅಚ್ಚ ಬಿಳಿ ಇರಬೇಕು, ಸರಕು ಚೌಕಟ್ಟಿನ ಶೇ 85ರಷ್ಟು ತುಂಬಬೇಕು, ಮೇಲೆ ಅಕ್ಷರವಾಗಲಿ ಲೋಗೊ ಆಗಲಿ ಕೂಡದು ಎಂಬುದು ಅಲ್ಲಿನ ನಿಯಮ. ದೋಸೆಗೆ ಜಾಗ ಎರಡನೆಯ ಚಿತ್ರದಿಂದ ಮುಂದೆ. ಗೂಗಲ್‌ನ ಖರೀದಿ ಪಟ್ಟಿಯ ಮುಖ್ಯ ಚಿತ್ರದ ಮೇಲೂ ರಿಯಾಯಿತಿಯ ಘೋಷಣೆ ಬರೆಯುವಂತಿಲ್ಲ.

ಕಾರಣವೂ ಅರ್ಥವಾಗುವಂಥದ್ದೇ. ಅಲ್ಲಿಗೆ ಬಂದವರು ‘ಬೀಡಿನ ಕಾವಲಿ’ ಎಂದು ಹುಡುಕಿಕೊಂಡೇ ಬಂದಿರುತ್ತಾರೆ. ಸಾಲಾಗಿ ನಿಂತ ಇಪ್ಪತ್ತು ಕಾವಲಿಗಳನ್ನು ಹೋಲಿಸಲು ಅವರಿಗೆ ಒಂದೇ ಬಗೆಯ ಚಿತ್ರ ಬೇಕು. ಇನ್‌ಸ್ಟಾಗ್ರಾಮ್‌ನಲ್ಲಿ ಯಾರೂ ಕಾವಲಿ ಹುಡುಕುತ್ತಿರುವುದಿಲ್ಲ.

---

ಹಬ್ಬದ ಗಿರಾಕಿ ಬೇರೆ

ಪರೀಕ್ಷೆಯನ್ನು ಹಬ್ಬದಲ್ಲೇ ಮಾಡೋಣ ಎನ್ನುವವರಿಗೆ ಒಂದು ಮಾತು. ದಸರಾದಿಂದ ದೀಪಾವಳಿಯವರೆಗೆ ಜಾಹೀರಾತಿನ ಜಾಗಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಅಲ್ಲಿ ಜಾಗ ಹರಾಜಿನಲ್ಲಿ ಹೋಗುವುದರಿಂದ ದರ ಏರುತ್ತದೆ. ಅದೇ ₹10,000ಕ್ಕೆ ಕಡಿಮೆ ಜನ ಸಿಗುತ್ತಾರೆ, ಎಣಿಕೆ ಸಣ್ಣದಾಗುತ್ತದೆ, ಗೆರೆ ದಾಟುವುದು ಕಷ್ಟವಾಗುತ್ತದೆ. ಹಾಗೆಂದು ಆಷಾಢದಲ್ಲಿ ಅಗ್ಗಕ್ಕೆ ಪರೀಕ್ಷಿಸಿ ಗೆದ್ದ ಚಿತ್ರವನ್ನು ಕಾರ್ತಿಕಕ್ಕೆ ಕಣ್ಣುಮುಚ್ಚಿ ಹಾಕುವುದೂ ಸರಿಯಲ್ಲ.

ಆಷಾಢದಲ್ಲಿ ಕಾವಲಿ ಕೊಂಡವರು ತಮ್ಮ ಮನೆಗೆ ಕೊಂಡವರು. ಅವರಿಗಿದ್ದ ಅಳುಕು ದೋಸೆ ಹತ್ತಿಕೊಂಡರೆ ಎಂಬುದು. ದೀಪಾವಳಿಯಲ್ಲಿ ಕೊಳ್ಳುವ ಎಷ್ಟೋ ಜನ ಹೊಸ ಸಂಸಾರ ಹೂಡಿದ ತಂಗಿಗೋ ನಾದಿನಿಗೋ ಕಳಿಸುವವರು. ಅವರ ಪ್ರಶ್ನೆಗಳೇ ಬೇರೆ: ಹಬ್ಬದೊಳಗೆ ತಲುಪುತ್ತದೆಯೇ? ಡಬ್ಬ ನೋಡಲು ಹೇಗಿದೆ? ಎರಡೂವರೆ ಕಿಲೋ ಬೀಡು ದಾರಿಯಲ್ಲಿ ಸೀಳು ಬಿಡುವುದಿಲ್ಲ ತಾನೇ? ಇದಕ್ಕೆ ಅಕ್ಕನ ದೋಸೆಯ ಚಿತ್ರವೂ ಉತ್ತರವಲ್ಲ, ತಮ್ಮನ ಬಿಳಿ ಪಂಚೆಯೂ ಅಲ್ಲ.

ಬೇಕಾದದ್ದು ಐದನೆಯ ಚಿತ್ರ: ರಟ್ಟಿನ ಪೆಟ್ಟಿಗೆ ಅರ್ಧ ತೆರೆದು, ಒಳಗೆ ಹುಲ್ಲಿನ ನಡುವೆ ಕಾವಲಿ ಇಣುಕುತ್ತಿರುವುದು. ಮೇಲಿನ ಸಾಲಿನಲ್ಲಿ ಪಳಗಿಸಿದ ಮಾತು ಬೇಡ. ಎಷ್ಟನೇ ತಾರೀಖಿನೊಳಗೆ ಆರ್ಡರ್ ಮಾಡಿದರೆ ನರಕ ಚತುರ್ದಶಿಗೆ ಮುಂಚೆ ಕೈಸೇರುತ್ತದೆ ಎಂಬುದಷ್ಟೇ ಸಾಕು. ಆ ಚಿತ್ರ ಹಳೆಯ ಗೆದ್ದ ಚಿತ್ರವನ್ನು ಮೀರಿಸುತ್ತದೆಯೇ ಎಂದು ತಿಳಿಯಲು ಹಬ್ಬಕ್ಕೆ ಮೂರು ವಾರ ಮೊದಲೇ ಎರಡನ್ನೂ ಚೀಟಿ ಎತ್ತಿ ಹಾಕಬೇಕು. ಕೊರಿಯರ್‌ನವರ ಕೊನೆಯ ದಿನ ದಾಟಿದ ಮೇಲೆ ಬರುವ ಆರ್ಡರ್‌ಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಅವು ತಮ್ಮ ಮನೆಗೇ ಕೊಳ್ಳುವವರವು. ಅವರ ಪ್ರಶ್ನೆ ಮತ್ತೆ ಮೊದಲಿನದೇ, ದೋಸೆ ಏಳುತ್ತದೆಯೋ ಇಲ್ಲವೋ.